ಹ್ಯಾಶ್ ಮ್ಯಾಪ್‌ನಲ್ಲಿ ಹುಡುಕಾಟ: ‘ಸರಾಸರಿ’ಯ ಹಿಂದಿನ ಲೆಕ್ಕ

ಹೆಸರು ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿಯನ್ನು ಹುಡುಕಿಕೊಡುವ ದತ್ತಾಂಶ ರಚನೆಗಳಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಹ್ಯಾಶ್ ಮ್ಯಾಪ್. ಹೆಸರನ್ನು ಇಲ್ಲಿ ಕೀ ಎಂದೂ ಮಾಹಿತಿಯನ್ನು ವ್ಯಾಲ್ಯೂ ಎಂದೂ ಕರೆಯುತ್ತಾರೆ. ಪೈಥಾನ್‌ನಲ್ಲಿ ಇದರ ಹೆಸರು dict, ಜಾವಾದಲ್ಲಿ HashMap. ಹತ್ತು ಲಕ್ಷ ಹೆಸರುಗಳನ್ನು ಕ್ರಮವಿಲ್ಲದೆ ಒಂದು ಪಟ್ಟಿಯಲ್ಲಿ ಬರೆದಿಟ್ಟರೆ, ಅದರಲ್ಲಿರುವ ಒಂದು ಹೆಸರನ್ನು ಹುಡುಕಲು ಸರಾಸರಿ 5 ಲಕ್ಷ ಹೋಲಿಕೆ ಬೇಕು. ಅಕಾರಾದಿಯಾಗಿ ಜೋಡಿಸಿಟ್ಟು, ಪ್ರತಿ ಸಲವೂ ಅರ್ಧ ಪಟ್ಟಿಯನ್ನು ಕೈಬಿಡುತ್ತಾ ಹೋದರೆ 20 ಹೋಲಿಕೆಯೊಳಗೆ ಕೆಲಸ ಮುಗಿಯುತ್ತದೆ. ಹ್ಯಾಶ್ ಮ್ಯಾಪ್‌ಗೆ ಒಂದೆರಡು ಹೋಲಿಕೆ ಸಾಕು. ಹೆಸರುಗಳ ಸಂಖ್ಯೆ ಹತ್ತು ಲಕ್ಷದಿಂದ ಹತ್ತು ಕೋಟಿಗೆ ಏರಿದರೂ ಆ ಒಂದೆರಡು ಒಂದೆರಡಾಗಿಯೇ ಉಳಿಯುತ್ತದೆ. ಪಠ್ಯಪುಸ್ತಕಗಳು ಇದನ್ನು O(1) ಎಂದು ಬರೆಯುತ್ತವೆ, ಅಂದರೆ ಸ್ಥಿರ ಸಮಯ.

ಆದರೆ ಅದೇ ಪುಸ್ತಕಗಳು O(1) ಪಕ್ಕದಲ್ಲಿ ‘ಸರಾಸರಿಯಲ್ಲಿ’ ಎಂದು ಸೇರಿಸಿ, ಮುಂದಿನ ಸಾಲಿನಲ್ಲೇ ‘ಅತಿ ಕೆಟ್ಟ ಸಂದರ್ಭದಲ್ಲಿ O(n)’ ಎಂದೂ ಹೇಳುತ್ತವೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಬಂದವರು ದಿಗಿಲುಬೀಳುವುದು ಇಲ್ಲಿಯೇ. ಟ್ಯೂಟರ್ ಒಬ್ಬರ ಬಳಿ ವಿದ್ಯಾರ್ಥಿನಿಯೊಬ್ಬಳು ಈ ದಿಗಿಲನ್ನು ಹೇಳಿಕೊಂಡರೆ ನಡೆಯುವ ಮಾತುಕತೆಯ ಜಾಡಿನಲ್ಲೇ ಈ ವಿಷಯವನ್ನು ನೋಡಬಹುದು. ಅವಳ ಮೊದಲ ಪ್ರಶ್ನೆ ಹೀಗಿರುತ್ತದೆ: “ಮೇಡಂ, ಎರಡು ಕೀ ಒಂದೇ ಜಾಗಕ್ಕೆ ಬರಬಹುದು ಅಂತ ನೀವೇ ಹೇಳ್ತೀರಿ. ಎಲ್ಲಾ ಕೀಗಳೂ ಒಂದೇ ಕಡೆ ಬಂದುಬಿಟ್ಟರೆ? ಆಗ ಅದೂ ಒಂದು ಪಟ್ಟಿಯೇ ಅಲ್ವಾ? ಮತ್ತೆ O(1) ಅಂತ ಹೇಗೆ ಬರೆಯೋದು?”

ಟ್ಯೂಟರ್ ಇದಕ್ಕೆ ನೇರವಾಗಿ ಹೌದು, ಇಲ್ಲ ಎನ್ನುವುದಿಲ್ಲ. “ಮೊದಲು ಒಂದು ಹ್ಯಾಶ್ ಮ್ಯಾಪನ್ನು ಕೈಯಾರೆ ತುಂಬಿಸಿ ನೋಡೋಣ. ಎಷ್ಟು ಕೀ ಎಲ್ಲೆಲ್ಲಿ ಬೀಳುತ್ತವೆ ಅನ್ನೋದನ್ನ ನೀನೇ ಎಣಿಸು” ಎನ್ನುತ್ತಾರೆ. ಅವರು ಆರಿಸಿಕೊಳ್ಳುವುದು ಜಾವಾದ HashMap. ಅದರ ಒಳಗಿನ ಲೆಕ್ಕ ಬಹಿರಂಗವಾಗಿದೆ, ಕಾಗದ ಪೆನ್ಸಿಲ್‌ನಲ್ಲಿ ಮಾಡಿ ನೋಡುವಷ್ಟು ಸರಳವೂ ಆಗಿದೆ.

ಹೊಸದಾಗಿ ಸೃಷ್ಟಿಯಾದ HashMap, ಮೊದಲ ಕೀ ಬಂದಾಗ 16 ಖಾನೆಗಳ ಒಂದು ಅರೇಯನ್ನು ಸಿದ್ಧಮಾಡಿಕೊಳ್ಳುತ್ತದೆ. ಒಂದೊಂದು ಖಾನೆಗೂ ಬಕೆಟ್ ಎಂದು ಹೆಸರು. ಕೀ ಯಾವ ಬಕೆಟ್‌ಗೆ ಹೋಗಬೇಕು ಎಂಬುದನ್ನು ಎರಡು ಹಂತಗಳಲ್ಲಿ ತೀರ್ಮಾನಿಸಲಾಗುತ್ತದೆ. ಮೊದಲು ಹ್ಯಾಶ್ ಫಂಕ್ಷನ್ ಆ ಕೀಯನ್ನು ಒಂದು ಪೂರ್ಣಾಂಕವಾಗಿ ಮಾರ್ಪಡಿಸುತ್ತದೆ. ಆಮೇಲೆ ಆ ದೊಡ್ಡ ಸಂಖ್ಯೆಯನ್ನು ಬಕೆಟ್‌ಗಳ ಸಂಖ್ಯೆಗೆ ತಕ್ಕಂತೆ ಮೊಟಕುಗೊಳಿಸಲಾಗುತ್ತದೆ:

```java
int h = key.hashCode();
h = h ^ (h >>> 16);
int index = h & (table.length - 1);
```

ಎರಡನೆಯ ಸಾಲು ಸಂಖ್ಯೆಯ ಮೇಲಿನ ಅರ್ಧದ ಬಿಟ್‌ಗಳನ್ನು ಕೆಳಗಿನ ಅರ್ಧದೊಂದಿಗೆ ಬೆರೆಸುತ್ತದೆ. ಸಂಖ್ಯೆ ಚಿಕ್ಕದಿದ್ದರೆ ಅದರಿಂದ ಏನೂ ಬದಲಾಗುವುದಿಲ್ಲ. ಮೂರನೆಯ ಸಾಲು ಸಂಖ್ಯೆಯನ್ನು 16ರಿಂದ ಭಾಗಿಸಿ ಉಳಿದ ಶೇಷವನ್ನು ತೆಗೆದುಕೊಂಡಂತೆಯೇ. ಬಕೆಟ್‌ಗಳ ಸಂಖ್ಯೆ ಯಾವಾಗಲೂ ಎರಡರ ಘಾತವೇ ಆಗಿರುವುದರಿಂದ ಭಾಗಾಕಾರದ ಬದಲು ಈ ಸುಲಭದ ದಾರಿ ಸಾಕಾಗುತ್ತದೆ.

ಕೀಗಳಾಗಿ ರಾಜ್ಯಗಳ ವಾಹನ ನೋಂದಣಿಯ ಎರಡಕ್ಷರದ ಸಂಕೇತಗಳನ್ನು ತೆಗೆದುಕೊಳ್ಳಬಹುದು. ಎರಡಕ್ಷರದ ಪದಕ್ಕೆ ಜಾವಾದ ಸೂತ್ರ ಹೀಗಿದೆ: ಮೊದಲ ಅಕ್ಷರದ ಕೋಡನ್ನು 31ರಿಂದ ಗುಣಿಸಿ, ಎರಡನೆಯ ಅಕ್ಷರದ ಕೋಡನ್ನು ಕೂಡಬೇಕು. `K` ಅಕ್ಷರದ ಕೋಡ್ 75, `A` ಅಕ್ಷರದ್ದು 65. ಹಾಗಾಗಿ `KA` ಹ್ಯಾಶ್ 75 × 31 + 65 = 2390. ಅದನ್ನು 16ರಿಂದ ಭಾಗಿಸಿದರೆ ಶೇಷ 6. ಕರ್ನಾಟಕ 6ನೇ ಬಕೆಟ್‌ಗೆ ಹೋಯಿತು. `TN` ಹ್ಯಾಶ್ 2682, ಶೇಷ 10. `KL` ಹ್ಯಾಶ್ 2401, ಶೇಷ 1. ಹೀಗೆಯೇ `AP`, `MH`, `GA`, `GJ`, `DL`, `RJ`, `UP`, `WB`, `OD` ಸೇರಿಸಿ ಒಟ್ಟು 12 ಸಂಕೇತಗಳನ್ನು ಹಾಕಿದರೆ ಚಿತ್ರ ಹೀಗಾಗುತ್ತದೆ:

```
 1: KL
 3: GJ
 5: OD
 6: KA
 8: DL -> RJ
10: TN -> GA
11: MH -> UP -> WB
15: AP
```

ವಿದ್ಯಾರ್ಥಿನಿಯ ಕಣ್ಣು ಮೊದಲು ಹೋಗುವುದು 11ನೇ ಬಕೆಟ್ ಕಡೆಗೆ. “ನೋಡಿ ಮೇಡಂ, ಹನ್ನೆರಡೇ ಕೀ ಇರೋದು, ಆಗಲೇ ಮೂರು ಒಂದೇ ಕಡೆ ಸೇರಿವೆ. ಅರ್ಧ ಬಕೆಟ್ ಖಾಲಿ ಇದ್ದರೂ ಹೀಗಾಗಿದೆ. ಈ ಹ್ಯಾಶ್ ಫಂಕ್ಷನ್ ಚೆನ್ನಾಗಿಲ್ಲ ಅನಿಸುತ್ತೆ.”

ಎರಡು ಕೀಗಳು ಒಂದೇ ಬಕೆಟ್‌ಗೆ ಬರುವುದನ್ನು ಕೊಲಿಷನ್ ಎನ್ನುತ್ತಾರೆ. ಕೊಲಿಷನ್ ಕಂಡಕೂಡಲೇ ಹ್ಯಾಶ್ ಫಂಕ್ಷನ್ ಕೆಟ್ಟದ್ದು ಎಂದುಕೊಳ್ಳುವುದು ಆರಂಭದ ಎಲ್ಲ ಆತಂಕಗಳ ಬೇರು. ಟ್ಯೂಟರ್ ಒಂದು ಲೆಕ್ಕ ಮಾಡಿಸುತ್ತಾರೆ. ಪ್ರತಿ ಕೀಯೂ 16 ಬಕೆಟ್‌ಗಳಲ್ಲಿ ಯಾವುದಕ್ಕಾದರೂ ಸಮಾನ ಸಂಭವದಿಂದ ಬೀಳುತ್ತದೆ ಎಂದಿಟ್ಟುಕೊಂಡರೆ, 12 ಕೀಗಳೂ ಬೇರೆ ಬೇರೆ ಬಕೆಟ್‌ಗೇ ಬೀಳುವ ಸಂಭವ ಎಷ್ಟು? ಮೊದಲನೆಯದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡನೆಯದಕ್ಕೆ 15/16, ಮೂರನೆಯದಕ್ಕೆ 14/16, ಹೀಗೆ ಇಳಿಯುತ್ತಾ ಹನ್ನೆರಡನೆಯದಕ್ಕೆ 5/16. ಇವನ್ನೆಲ್ಲ ಗುಣಿಸಿದರೆ ಸುಮಾರು 0.003 ಬರುತ್ತದೆ. ಅಂದರೆ ಸಾವಿರದಲ್ಲಿ ಮೂರು ಸಲ ಮಾತ್ರ ಕೊಲಿಷನ್ ಇಲ್ಲದೆ ಮುಗಿಯುತ್ತದೆ. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಫಲಿತಾಂಶದ ಹಿಂದಿರುವುದೂ ಇದೇ ಗುಣಾಕಾರ. ಹಾಗಾಗಿ ಕೊಲಿಷನ್ ಆಗಿರುವುದು ದೋಷದ ಗುರುತಲ್ಲ. ಆಗದೇ ಇದ್ದಿದ್ದರೆ ಅಚ್ಚರಿಪಡಬೇಕಿತ್ತು.

“ಎಲ್ಲೋ ಒಂದು ಕಡೆ ಕೊಲಿಷನ್ ಆಗುತ್ತಾ ಅನ್ನೋದು ಒಂದು ಪ್ರಶ್ನೆ. ನಾನು ಹುಡುಕ್ತಿರೋ ಕೀ ಜೊತೆ ಅದೇ ಬಕೆಟ್‌ನಲ್ಲಿ ಎಷ್ಟು ಕೀ ಇರುತ್ತವೆ ಅನ್ನೋದು ಬೇರೆ ಪ್ರಶ್ನೆ” ಎನ್ನುತ್ತಾರೆ ಟ್ಯೂಟರ್. “ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಖಂಡಿತ ಹೌದು. ಹುಡುಕೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನ ತೀರ್ಮಾನಿಸೋದು ಎರಡನೆಯದು.”

ಹ್ಯಾಶ್ ಮ್ಯಾಪ್ `WB` ಹುಡುಕುವಾಗ ಸೂತ್ರದಿಂದ ನೇರವಾಗಿ 11ನೇ ಬಕೆಟ್‌ಗೆ ಹೋಗುತ್ತದೆ. ಅಲ್ಲಿನ ಸರಪಳಿಯಲ್ಲಿ ಮೊದಲು `MH`, ಆಮೇಲೆ `UP`, ಕೊನೆಗೆ `WB`. ಒಟ್ಟು ಮೂರು ಹೋಲಿಕೆ. `KA` ಹುಡುಕಲು ಒಂದೇ ಹೋಲಿಕೆ. ಹನ್ನೆರಡನ್ನೂ ಒಂದೊಂದು ಸಲ ಹುಡುಕಿದರೆ ಒಂಟಿಯಾಗಿರುವ ಐದು ಕೀಗಳಿಗೆ 5 ಹೋಲಿಕೆ, ಎರಡು ಜೋಡಿಗಳಿಗೆ ಮೂರು ಮೂರರಂತೆ 6, ಮೂರು ಕೀಗಳ ಸರಪಳಿಗೆ 1 + 2 + 3 = 6. ಒಟ್ಟು 17. ಹನ್ನೆರಡರಿಂದ ಭಾಗಿಸಿದರೆ ಸರಾಸರಿ 1.42. ವಿದ್ಯಾರ್ಥಿನಿಗೆ ಅಷ್ಟು ಕೆಟ್ಟದಾಗಿ ಕಂಡ ಚಿತ್ರದಲ್ಲೂ ಒಂದು ಹುಡುಕಾಟಕ್ಕೆ ಒಂದೂವರೆ ಹೋಲಿಕೆಯೂ ಬೇಕಾಗಿಲ್ಲ.

ಇದು ಈ ಹನ್ನೆರಡು ಕೀಗಳ ಅದೃಷ್ಟವೇ, ಅಥವಾ ಹೀಗೇ ಆಗಬೇಕಾದದ್ದೇ? ಇದಕ್ಕೆ ಉತ್ತರ ಕೊಡುವ ಗಣಿತ ಚಿಕ್ಕದು. ಒಟ್ಟು n ಕೀಗಳು, m ಬಕೆಟ್‌ಗಳು ಇವೆ ಎನ್ನೋಣ. ಒಂದು ಕೀಯನ್ನು ಆರಿಸಿಕೊಳ್ಳಿ. ಉಳಿದ n − 1 ಕೀಗಳಲ್ಲಿ ಪ್ರತಿಯೊಂದಕ್ಕೂ ಇದೇ ಬಕೆಟ್‌ಗೆ ಬೀಳುವ ಸಂಭವ 1/m. ಹಾಗಾಗಿ ಈ ಬಕೆಟ್‌ನಲ್ಲಿ ಜೊತೆಗಿರುವ ಕೀಗಳ ಸರಾಸರಿ ಸಂಖ್ಯೆ (n − 1)/m. ಒಂದೊಂದರ ಸಂಭವವನ್ನು ಕೂಡಿದರೆ ಸಾಕು, ಅವು ಒಂದಕ್ಕೊಂದು ಹೇಗೆ ಸಂಬಂಧಿಸಿವೆ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಜೊತೆಗಿರುವವುಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸರಪಳಿಯಲ್ಲಿ ಆ ಕೀಗಿಂತ ಮುಂದಿರುತ್ತವೆ. ಆದ್ದರಿಂದ ಮ್ಯಾಪ್‌ನಲ್ಲಿ ಇರುವ ಕೀಯನ್ನು ಹುಡುಕಲು ಬೇಕಾದ ಹೋಲಿಕೆಗಳು ಸರಾಸರಿ 1 + (n − 1)/2m. ಹನ್ನೆರಡು ಕೀ, ಹದಿನಾರು ಬಕೆಟ್‌ಗೆ ಇದು 1 + 11/32, ಅಂದರೆ 1.34. ಕೈಯಾರೆ ಎಣಿಸಿದಾಗ ಬಂದದ್ದು 1.42. ಸಂಕೇತಗಳನ್ನು ಯಾರೂ ಲಾಟರಿ ಎತ್ತಿ ಆರಿಸಿಲ್ಲ, ಆದರೂ ಎರಡೂ ಇಷ್ಟು ಹತ್ತಿರವಿವೆ.

ಸೂತ್ರದಲ್ಲಿ n ಒಂಟಿಯಾಗಿ ಎಲ್ಲೂ ಬರುವುದಿಲ್ಲ, ಎಲ್ಲೆಡೆಯೂ m ಜೊತೆಗೆ ಅನುಪಾತವಾಗಿಯೇ ಬರುತ್ತದೆ. ಹುಡುಕಾಟದ ಸಮಯವನ್ನು ತೀರ್ಮಾನಿಸುವುದು ಕೀಗಳ ಸಂಖ್ಯೆಯಲ್ಲ, ಪ್ರತಿ ಬಕೆಟ್‌ಗೆ ಸರಾಸರಿ ಎಷ್ಟು ಕೀ ಎಂಬ n/m. ಇದಕ್ಕೆ ಲೋಡ್ ಫ್ಯಾಕ್ಟರ್ ಎಂದು ಹೆಸರು.

ವಿದ್ಯಾರ್ಥಿನಿ ಇಲ್ಲಿ ಸರಿಯಾದ ಆಕ್ಷೇಪವನ್ನೇ ಎತ್ತುತ್ತಾಳೆ: “ಆದರೆ m ಅಂದರೆ 16. ಅದು ಹಾಗೇ ಇದ್ದು n ಹತ್ತು ಲಕ್ಷ ಆದರೆ, ಒಂದೊಂದು ಬಕೆಟ್‌ನಲ್ಲೂ ಅರವತ್ತೆರಡು ಸಾವಿರಕ್ಕಿಂತ ಹೆಚ್ಚು ಕೀ ಇರುತ್ತವೆ!”

ಹಾಗೇ ಬಿಟ್ಟರೆ ಖಂಡಿತ ಅದೇ ಗತಿ. 16 ಬಕೆಟ್‌ಗೇ ಅಂಟಿಕೊಂಡ ಹ್ಯಾಶ್ ಮ್ಯಾಪ್ O(n) ಆಗುತ್ತದೆ, ಹ್ಯಾಶ್ ಫಂಕ್ಷನ್ ಎಷ್ಟೇ ಒಳ್ಳೆಯದಿರಲಿ. ಸ್ಥಿರ ಸಮಯ ಎಂಬ ಮಾತು ನಿಲ್ಲುವುದು ಎರಡು ಕೆಲಸಗಳ ಮೇಲೆ. ಕೀಗಳನ್ನು ಸಮನಾಗಿ ಚದುರಿಸುವುದು ಒಂದು; n ಬೆಳೆದಂತೆ m ಕೂಡ ಬೆಳೆಸುವುದು ಇನ್ನೊಂದು. ತರಗತಿಗಳಲ್ಲಿ ಮೊದಲನೆಯದಕ್ಕೆ ಸಿಗುವ ಒತ್ತು ಎರಡನೆಯದಕ್ಕೆ ಸಿಗುವುದಿಲ್ಲ. ಸರಾಸರಿಯ ಲೆಕ್ಕ ಅರ್ಥವಾದವರೂ ಇಲ್ಲಿ ಎಡವಲು ಅದೇ ಕಾರಣ.

ಜಾವಾದ HashMap ಲೋಡ್ ಫ್ಯಾಕ್ಟರ್‌ಗೆ 0.75 ಎಂಬ ಮಿತಿ ಇಟ್ಟುಕೊಂಡಿದೆ. ಹದಿನಾರರ ಮುಕ್ಕಾಲು ಭಾಗ ಹನ್ನೆರಡು. ಹದಿಮೂರನೆಯ ಕೀ ಸೇರಿದ ಕೂಡಲೇ ಬಕೆಟ್‌ಗಳು 32 ಆಗುತ್ತವೆ. ಪಂಜಾಬಿನ `PB` ಹಾಕಿದರೆ ಇದು ನಡೆಯುತ್ತದೆ. ಈಗ ಪ್ರತಿ ಹ್ಯಾಶನ್ನೂ 32ರಿಂದ ಭಾಗಿಸಿದ ಶೇಷ ನೋಡಬೇಕು. ಒಂದೊಂದು ಕೀಯೂ ಒಂದೋ ತಾನಿದ್ದ ಬಕೆಟ್‌ನಲ್ಲೇ ಉಳಿಯುತ್ತದೆ, ಇಲ್ಲವೇ ಅದಕ್ಕಿಂತ 16 ಹೆಚ್ಚಿನ ಸಂಖ್ಯೆಯ ಬಕೆಟ್‌ಗೆ ಹೋಗುತ್ತದೆ. `KA` 6ರಿಂದ 22ಕ್ಕೆ ಹೋಗುತ್ತದೆ. `DL` 8ರಲ್ಲೇ ಇರುತ್ತದೆ, `RJ` 24ಕ್ಕೆ ಹೋಗುತ್ತದೆ. ಆ ಜೋಡಿ ಬೇರೆಯಾಯಿತು. 11ನೇ ಬಕೆಟ್‌ನ ಮೂವರಲ್ಲಿ `WB` ಅಲ್ಲೇ ಉಳಿದು, `MH` ಮತ್ತು `UP` ಒಟ್ಟಿಗೇ 27ಕ್ಕೆ ಹೋಗುತ್ತವೆ. `TN`, `GA` ಕೂಡ ಜೊತೆ ಬಿಡದೆ 26ರಲ್ಲಿ ಸೇರುತ್ತವೆ. `PB` ಒಂಟಿಯಾಗಿ 18ರಲ್ಲಿ ಕೂರುತ್ತದೆ. ಹದಿಮೂರು ಕೀಗಳನ್ನೂ ಒಂದೊಂದು ಸಲ ಹುಡುಕಿದರೆ ಈಗ 15 ಹೋಲಿಕೆ, ಸರಾಸರಿ 1.15. ಕೀ ಹೆಚ್ಚಾಯಿತು, ಹುಡುಕಾಟ ಅಗ್ಗವಾಯಿತು.

ಇದೇ ಮ್ಯಾಪ್‌ಗೆ ಒಂದೊಂದಾಗಿ ಸೇರಿಸುತ್ತಾ ಹೋಗಿ ಹತ್ತು ಲಕ್ಷ ಕೀ ತುಂಬಿಸಿದರೆ ಬಕೆಟ್‌ಗಳು 20,97,152 ಆಗಿರುತ್ತವೆ. ಆಗ ಲೋಡ್ ಫ್ಯಾಕ್ಟರ್ ಸುಮಾರು 0.48. ಹದಿಮೂರು ಕೀಗೆ 32 ಬಕೆಟ್ ಇದ್ದಾಗ ಅದು 0.41 ಇತ್ತು. ಹದಿಮೂರು ಎಲ್ಲಿ, ಹತ್ತು ಲಕ್ಷ ಎಲ್ಲಿ! ಆದರೂ ಹುಡುಕುವ ಕೀ ಜೊತೆಗೆ ಅದೇ ಬಕೆಟ್‌ನಲ್ಲಿರುವುದು ಎರಡೂ ಕಡೆ ಸರಾಸರಿ ಅರ್ಧ ಕೀಯಷ್ಟು. ಸ್ಥಿರ ಎಂಬ ಮಾತಿನ ನಿಜವಾದ ಅರ್ಥ ಇದು. ಪ್ರತಿ ಹುಡುಕಾಟಕ್ಕೂ ಒಂದೇ ಸಮಯ ತಗಲುತ್ತದೆ ಎಂದು ಅದು ಹೇಳುವುದಿಲ್ಲ. ಸರಾಸರಿ ಸಮಯ n ಜೊತೆಗೆ ಬೆಳೆಯುವುದಿಲ್ಲ ಎಂದಷ್ಟೇ ಹೇಳುತ್ತದೆ.

“ಆದರೆ ಪ್ರತಿ ಸಲ ದುಪ್ಪಟ್ಟು ಮಾಡುವಾಗ ಎಲ್ಲಾ ಕೀಗಳನ್ನೂ ಹೊಸ ಜಾಗಕ್ಕೆ ಹಾಕಬೇಕಲ್ಲ ಮೇಡಂ, ಅದರ ಖರ್ಚು?” ಎಂಬ ಪ್ರಶ್ನೆ ಇಲ್ಲಿ ಸಹಜ. ಆ ಖರ್ಚು ಬೀಳುವುದು ಸೇರಿಸುವವರ ಮೇಲೆ, ಹುಡುಕುವವರ ಮೇಲಲ್ಲ. ಅಲ್ಲಿಯೂ ಅದು ಭಾರವಾಗುವುದಿಲ್ಲ. ಕೊನೆಯ ಸಲ ದುಪ್ಪಟ್ಟಾದಾಗ ಸಾಗಿಸಿದ್ದು ಹೆಚ್ಚೆಂದರೆ n ಕೀ, ಅದಕ್ಕೂ ಹಿಂದಿನ ಸಲ ಅದರ ಅರ್ಧ, ಅದರ ಹಿಂದೆ ಕಾಲು. ಹೀಗೆ ಎಲ್ಲವನ್ನೂ ಕೂಡಿದರೂ 2n ಸುತ್ತಮುತ್ತಲೇ ನಿಲ್ಲುತ್ತದೆ. ಒಂದು ಕೀಗೆ ಎರಡು ಸಾಗಣೆಯಂತೆ ಹಂಚಿಕೊಂಡರೆ ಅದೂ ಸ್ಥಿರವೇ. ಆದರೆ ದುಪ್ಪಟ್ಟಾಗುವ ಆ ಒಂದು ಕ್ಷಣದಲ್ಲಿ ಕೀ ಸೇರಿಸುತ್ತಿರುವ ಪ್ರೋಗ್ರಾಂ ತುಸು ತಡವರಿಸುವುದು ನಿಜ. ಎಷ್ಟು ಕೀ ಬರುತ್ತವೆ ಎಂದು ಮೊದಲೇ ಗೊತ್ತಿದ್ದರೆ ಆರಂಭದಲ್ಲೇ ದೊಡ್ಡ ಅರೇ ಕೇಳಿ ಇದನ್ನು ತಪ್ಪಿಸಬಹುದು.

ಸರಾಸರಿ ಚಿಕ್ಕದಿದ್ದ ಮಾತ್ರಕ್ಕೆ ಉದ್ದದ ಸರಪಳಿ ಎಲ್ಲೂ ಇಲ್ಲ ಎನ್ನಲಾಗದು. ಅದನ್ನೂ ಅಳೆಯಬಹುದು. ಬಕೆಟ್‌ಗೆ ಸರಾಸರಿ ಅರ್ಧ ಕೀ ಇದ್ದು, ಹಂಚಿಕೆ ಸಮನಾಗಿದ್ದರೆ, ನೂರಕ್ಕೆ ಸುಮಾರು 61 ಬಕೆಟ್ ಖಾಲಿ ಇರುತ್ತವೆ, 30ರಲ್ಲಿ ಒಂದು ಕೀ, ಏಳೆಂಟರಲ್ಲಿ ಎರಡು ಕೀ, ಒಂದೋ ಎರಡೋ ಬಕೆಟ್‌ನಲ್ಲಿ ಮಾತ್ರ ಮೂರು ಅಥವಾ ಹೆಚ್ಚು. ಒಂದು ಬಕೆಟ್‌ನಲ್ಲಿ ಎಂಟು ಕೀ ಸೇರುವ ಸಂಭವ ಹತ್ತು ಕೋಟಿಯಲ್ಲಿ ಆರು. ಈ ಲೆಕ್ಕವನ್ನು HashMap ಬರೆದವರು ತಮ್ಮ ಸೋರ್ಸ್ ಕೋಡ್‌ನ ಟಿಪ್ಪಣಿಯಲ್ಲೇ ನಮೂದಿಸಿದ್ದಾರೆ.

ಇಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಚುರುಕಾದ ವಿದ್ಯಾರ್ಥಿನಿ ಸುಮ್ಮನಾಗುವುದಿಲ್ಲ. “ನೀವು ಸಂಭವ, ಸಂಭವ ಅಂತೀರಿ. `KA` ಯಾವಾಗ ಲೆಕ್ಕ ಮಾಡಿದರೂ 2390 ಬರುತ್ತೆ. ಇಂದೂ 6ನೇ ಬಕೆಟ್, ನಾಳೆಯೂ 6ನೇ ಬಕೆಟ್. ಇದರಲ್ಲಿ ಆಕಸ್ಮಿಕ ಅನ್ನೋದು ಎಲ್ಲಿದೆ? ಸರಾಸರಿ ಅಂದರೆ ಯಾವುದರ ಸರಾಸರಿ?”

ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಎರಡು ಬೇರೆ ಬೇರೆ ಉತ್ತರಗಳಿವೆ. ಮೊದಲನೆಯ ಉತ್ತರದಲ್ಲಿ ಹ್ಯಾಶ್ ಫಂಕ್ಷನ್ ಸ್ಥಿರ, ಕೀಗಳು ಆಕಸ್ಮಿಕ. ಬರುವ ಕೀಗಳಿಗೂ ಫಂಕ್ಷನ್‌ಗೂ ಯಾವ ಸಂಬಂಧವೂ ಇಲ್ಲ, ಆದ್ದರಿಂದ ಅವು ಚದುರಿಯೇ ಬೀಳುತ್ತವೆ ಎಂದು ನಂಬಲಾಗುತ್ತದೆ. ರಾಜ್ಯಗಳ ಸಂಕೇತಗಳ ವಿಷಯದಲ್ಲಿ ನಡೆದದ್ದು ಇದೇ: ವಾಹನಗಳ ಸಂಕೇತ ಇಟ್ಟವರು ಜಾವಾದ ಸೂತ್ರವನ್ನು ನೋಡಿ ಇಟ್ಟಿಲ್ಲ. ಆದರೆ ಇದು ನಂಬಿಕೆಯೇ ಹೊರತು ಭರವಸೆಯಲ್ಲ. ಕೀಗಳನ್ನು ಆರಿಸುವವರು ಸೂತ್ರವನ್ನು ನೋಡಿಯೇ ಆರಿಸಿದರೆ ಏನಾಗುತ್ತದೆ?

ಟ್ಯೂಟರ್ ಎರಡು ಪುಟ್ಟ ಪದಗಳನ್ನು ಬರೆಯುತ್ತಾರೆ: `Aa` ಮತ್ತು `BB`. ಮೊದಲನೆಯದರ ಹ್ಯಾಶ್ 65 × 31 + 97 = 2112. ಎರಡನೆಯದರದ್ದು 66 × 31 + 66 = 2112. ಶೇಷವಷ್ಟೇ ಅಲ್ಲ, ಪೂರ್ತಿ ಹ್ಯಾಶ್ ಸಂಖ್ಯೆಯೇ ಒಂದು. ಹಾಗಾಗಿ ಇವೆರಡನ್ನು ಹೇಗೆ ಪೋಣಿಸಿದರೂ ಹ್ಯಾಶ್ ಬದಲಾಗುವುದಿಲ್ಲ: `AaAa`, `AaBB`, `BBAa`, `BBBB` ನಾಲ್ಕಕ್ಕೂ ಒಂದೇ ಸಂಖ್ಯೆ. ಇಂಥ ಹದಿನಾರು ತುಂಡುಗಳನ್ನು ಜೋಡಿಸಿದರೆ 32 ಅಕ್ಷರಗಳ 65,536 ಬೇರೆ ಬೇರೆ ಪದಗಳು ಸಿಗುತ್ತವೆ, ಎಲ್ಲದಕ್ಕೂ ಹ್ಯಾಶ್ ಒಂದೇ. ಬಕೆಟ್‌ಗಳನ್ನು ಎಷ್ಟು ಸಲ ದುಪ್ಪಟ್ಟು ಮಾಡಿದರೂ ಇವು ಬೇರೆಯಾಗುವುದಿಲ್ಲ, ಏಕೆಂದರೆ ಭಾಗಿಸುವ ಸಂಖ್ಯೆಯೇ ಒಂದಾಗಿದೆ. ಪ್ರತಿ ಹೊಸ ಪದವನ್ನೂ ಸರಪಳಿಯಲ್ಲಿ ಈಗಾಗಲೇ ಇರುವ ಎಲ್ಲದರೊಂದಿಗೆ ಹೋಲಿಸಬೇಕಾಗಿ ಬಂದರೆ, ಎಲ್ಲವನ್ನೂ ಸೇರಿಸುವಷ್ಟರಲ್ಲಿ ಸುಮಾರು 214 ಕೋಟಿ ಹೋಲಿಕೆಗಳಾಗುತ್ತವೆ. ವಿದ್ಯಾರ್ಥಿನಿ ಮೊದಲು ಹೆದರಿದ್ದು ಯಾವುದಕ್ಕೋ ಅದು ಇಲ್ಲಿ ನಿಜವಾಗಿಯೇ ನಡೆಯುತ್ತದೆ.

ಇದು ಬರಿಯ ಕಾಗದದ ಮೇಲಿನ ಭಯವಾಗಿ ಉಳಿದಿಲ್ಲ. 2003ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್, ಹೀಗೆ ಆರಿಸಿದ ಕೀಗಳನ್ನು ಕಳಿಸಿ ಸರ್ವರ್‌ಗಳನ್ನು ಸುಸ್ತುಮಾಡಬಹುದೆಂದು ತೋರಿಸಿದರು. ಪರ್ಲ್ ಭಾಷೆ ಅದೇ ವರ್ಷ ತನ್ನ ಹ್ಯಾಶ್ ವಿಧಾನವನ್ನು ತಿದ್ದಿಕೊಂಡಿತು. ಬೇರೆ ಹಲವು ಭಾಷೆಗಳು ಇದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. 2011ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಯೂಲಿಯಾನ್ ವೆಲ್ಡೆ ಇದೇ ದಾಳಿಯನ್ನು ಪಿಎಚ್‌ಪಿ, ಜಾವಾ, ಪೈಥಾನ್ ಮೊದಲಾದವುಗಳ ಮೇಲೆ ಮಾಡಿ ತೋರಿಸಿದರು. ವೆಬ್ ಪುಟದ ಫಾರ್ಮ್ ತುಂಬಿ ಕಳಿಸಿದಾಗ ಅದರ ಪ್ರತಿ ಅಂಕಣದ ಹೆಸರೂ ಸರ್ವರ್‌ನಲ್ಲಿ ಒಂದು ಹ್ಯಾಶ್ ಮ್ಯಾಪ್‌ನೊಳಗೆ ಹೋಗುತ್ತದೆ. ಅಂಕಣಗಳ ಹೆಸರನ್ನು ಕಳಿಸುವವರೇ ಆರಿಸಬಹುದು. ದಾಳಿಗೆ ಅಷ್ಟು ಸಾಕಾಗಿತ್ತು.

ಇದರ ಪರಿಹಾರವೇ ‘ಯಾವುದರ ಸರಾಸರಿ’ ಎಂಬ ಪ್ರಶ್ನೆಗೆ ಎರಡನೆಯ ಉತ್ತರ. ಅದು ದಾಳಿಗಿಂತ ಬಹಳ ಹಳೆಯದು. ಐಬಿಎಂ ಸಂಶೋಧಕರಾದ ಲ್ಯಾರಿ ಕಾರ್ಟರ್ ಮತ್ತು ಮಾರ್ಕ್ ವೆಗ್‌ಮನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿದರು: ಕೀಗಳು ಯಾವುವಾದರೂ ಇರಲಿ, ಶತ್ರುವೇ ಆರಿಸಿರಲಿ, ಆಕಸ್ಮಿಕವಾಗಿ ಆರಿಸಬೇಕಾದದ್ದು ಫಂಕ್ಷನನ್ನು. ಒಂದು ಫಂಕ್ಷನ್ ಬದಲು ಫಂಕ್ಷನ್‌ಗಳ ಒಂದು ದೊಡ್ಡ ಕುಟುಂಬವನ್ನೇ ಇಟ್ಟುಕೊಳ್ಳಬೇಕು. ಉದಾಹರಣೆಗೆ ಕೀ ಒಂದು ಸಂಖ್ಯೆ x ಆಗಿದ್ದರೆ

```
h(x) = ((a*x + b) mod p) mod m
```

ಇಲ್ಲಿ p ಎಲ್ಲ ಕೀಗಳಿಗಿಂತ ದೊಡ್ಡದಾದ ಒಂದು ಅವಿಭಾಜ್ಯ ಸಂಖ್ಯೆ. a ಮತ್ತು b ಎಂಬ ಸಂಖ್ಯೆಗಳನ್ನು ಪ್ರೋಗ್ರಾಂ ಶುರುವಾದಾಗ ಚೀಟಿ ಎತ್ತಿದಂತೆ ಆರಿಸಿ ಗುಟ್ಟಾಗಿಟ್ಟುಕೊಳ್ಳಬೇಕು, a ಸೊನ್ನೆಯಾಗಬಾರದು. ಹೀಗೆ ಮಾಡಿದರೆ ಯಾವ ಎರಡು ಬೇರೆ ಬೇರೆ ಕೀಗಳನ್ನು ತೆಗೆದುಕೊಂಡರೂ ಅವು ಒಂದೇ ಬಕೆಟ್‌ಗೆ ಬೀಳುವ ಸಂಭವ 1/m ಮೀರುವುದಿಲ್ಲ ಎಂದು ಸಾಧಿಸಬಹುದು. ಮೇಲಿನ (n − 1)/m ಲೆಕ್ಕಕ್ಕೆ ಬೇಕಿದ್ದದ್ದು ಇಷ್ಟೇ. ಹಾಗಾಗಿ ಆ ಲೆಕ್ಕ ಈಗ ಕೀಗಳ ಬಗ್ಗೆ ಯಾವ ನಂಬಿಕೆಯನ್ನೂ ಬೇಡುವುದಿಲ್ಲ. ಸರಾಸರಿ ತೆಗೆಯುವುದು ಕೀಗಳ ಮೇಲಲ್ಲ, ಆ ಚೀಟಿ ಎತ್ತುವಿಕೆಯ ಮೇಲೆ. ಅದು ಪ್ರೋಗ್ರಾಂನ ಕೈಯಲ್ಲೇ ಇದೆ.

“ಅಂದರೆ ಕೆಟ್ಟ ಕೀಗಳು ಅಂತ ಇರೋದೇ ಇಲ್ಲ?” ಎಂದು ವಿದ್ಯಾರ್ಥಿನಿ ಕೇಳಿದರೆ, ಟ್ಯೂಟರ್ ತಿದ್ದುತ್ತಾರೆ: “ಕೆಟ್ಟ ಅದೃಷ್ಟ ಇರುತ್ತೆ. ಆದರೆ ನಿನ್ನ a, b ಗೊತ್ತಿಲ್ಲದೆ ಆ ಕೆಟ್ಟ ಅದೃಷ್ಟವನ್ನ ಯಾರೂ ಬೇಕೆಂದು ತರೋಕೆ ಆಗಲ್ಲ.” ಅತಿ ಕೆಟ್ಟ ಸಂದರ್ಭದ O(n) ಆಗಲೂ ಕಾಗದದ ಮೇಲೆ ಉಳಿದೇ ಇರುತ್ತದೆ.

ಬಳಕೆಯಲ್ಲಿರುವ ಭಾಷೆಗಳು ಬೇರೆ ಬೇರೆ ದಾರಿ ಹಿಡಿದಿವೆ. ಪೈಥಾನ್ 2012ರಲ್ಲಿ ಬಂದ 3.3 ಆವೃತ್ತಿಯಿಂದ ಪದಗಳ ಹ್ಯಾಶ್‌ಗೆ ಪ್ರತಿ ಸಲ ಪ್ರೋಗ್ರಾಂ ಶುರುವಾದಾಗಲೂ ಹೊಸ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸುತ್ತದೆ. 3.4 ಆವೃತ್ತಿಯಲ್ಲಿ, ಜಾನ್-ಫಿಲಿಪ್ ಒಮಾಸ್ಸೋ ಮತ್ತು ಡೇನಿಯಲ್ ಬರ್ನ್‌ಸ್ಟೈನ್ ಇದೇ ಉದ್ದೇಶಕ್ಕೆ ರೂಪಿಸಿದ ಸಿಪ್‌ಹ್ಯಾಶ್ ಬಂತು. ಪೈಥಾನ್ ತೆರೆದು `hash("KA")` ಬರೆದು ನೋಡಿ, ಮುಚ್ಚಿ, ಮತ್ತೆ ತೆರೆದು ಬರೆದರೆ ಬೇರೆ ಸಂಖ್ಯೆ ಬರುವುದು ಇದರಿಂದ. ಜಾವಾಗೆ ಆ ದಾರಿ ಇರಲಿಲ್ಲ, ಏಕೆಂದರೆ 31ರ ಸೂತ್ರ ಭಾಷೆಯ ಅಧಿಕೃತ ವಿವರಣೆಯಲ್ಲೇ ಸೇರಿದೆ. ಅದು 2014ರ ಜಾವಾ 8ರಲ್ಲಿ ಸರಪಳಿಯನ್ನೇ ಬದಲಿಸಿತು. ಒಂದು ಬಕೆಟ್‌ನಲ್ಲಿ ಎಂಟಕ್ಕಿಂತ ಹೆಚ್ಚು ಕೀ ಸೇರಿದರೆ, ಅರೇಯಲ್ಲಿ ಕನಿಷ್ಠ 64 ಬಕೆಟ್ ಇದ್ದ ಪಕ್ಷದಲ್ಲಿ, ಅಲ್ಲಿನ ಸರಪಳಿ ಒಂದು ಸಮತೋಲಿತ ಮರವಾಗುತ್ತದೆ. `Aa`, `BB` ತುಂಡುಗಳ 65,536 ಪದಗಳು ಬಂದರೂ, ಪದಗಳನ್ನು ಅಕ್ಷರಕ್ರಮದಲ್ಲಿ ಹೋಲಿಸಲು ಆಗುವುದರಿಂದ, ಒಂದು ಹುಡುಕಾಟ ಕೆಲವೇ ಹತ್ತು ಹೋಲಿಕೆಗಳೊಳಗೆ ಮುಗಿಯುತ್ತದೆ.

ವಿದ್ಯಾರ್ಥಿಗಳು ಬರೆಯುವ ಪ್ರೋಗ್ರಾಂಗಳಲ್ಲಿ ಹ್ಯಾಶ್ ಮ್ಯಾಪ್ ನಿಧಾನವಾಗುವುದು ಶತ್ರುಗಳಿಂದಲ್ಲ, ತಾವೇ ಬರೆದ ಹ್ಯಾಶ್ ಫಂಕ್ಷನ್‌ನಿಂದ. ‘ವಿದ್ಯಾರ್ಥಿ’ ಎಂಬ ಕ್ಲಾಸ್ ಬರೆದು ಅದರ hashCode ಆಗಿ ಹುಟ್ಟಿದ ತಿಂಗಳನ್ನು ಮಾತ್ರ ಕೊಟ್ಟರೆ, ಹ್ಯಾಶ್‌ಗಳು ಹನ್ನೆರಡೇ. ಒಂದು ಲಕ್ಷ ವಿದ್ಯಾರ್ಥಿಗಳನ್ನು ಹಾಕಿದರೆ ಬಕೆಟ್‌ಗಳು ಲಕ್ಷ ದಾಟಿದರೂ ತುಂಬುವುದು ಹನ್ನೆರಡು ಮಾತ್ರ. ಒಂದೊಂದರಲ್ಲೂ ಸುಮಾರು 8,333 ಕೀ. ಈ ಕ್ಲಾಸ್‌ಗೆ ದೊಡ್ಡದು ಚಿಕ್ಕದು ಎಂಬ ಕ್ರಮ ಕೊಟ್ಟಿರದಿದ್ದರೆ ಜಾವಾ 8ರ ಮರವೂ ಇಲ್ಲಿ ಹೆಚ್ಚು ನೆರವಾಗದು. ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತಿರುತ್ತದೆ, ಆದ್ದರಿಂದ ತಪ್ಪು ಎದ್ದು ಕಾಣುವುದಿಲ್ಲ.

ಇದನ್ನು ಕಂಡುಹಿಡಿಯುವ ದಾರಿ ಸುಲಭ. 50 ಸಾವಿರ ಕೀಗಳನ್ನು ತುಂಬಿಸಿ ಎಲ್ಲವನ್ನೂ ಒಂದೊಂದು ಸಲ ಹುಡುಕಲು ಹಿಡಿಯುವ ಸಮಯವನ್ನು ಅಳೆಯಬೇಕು, ಆಮೇಲೆ ಒಂದು ಲಕ್ಷಕ್ಕೆ, ಆಮೇಲೆ ಎರಡು ಲಕ್ಷಕ್ಕೆ. ಕೀಗಳು ಎರಡರಷ್ಟಾದಾಗ ಒಟ್ಟು ಸಮಯವೂ ಸುಮಾರು ಎರಡರಷ್ಟಾದರೆ ಒಂದೊಂದು ಹುಡುಕಾಟ ಸ್ಥಿರವಾಗಿದೆ ಎಂದರ್ಥ. ದೊಡ್ಡ ಅರೇ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಹಿಡಿಸದಿರುವುದರಿಂದ ಅದು ಎರಡಕ್ಕಿಂತ ತುಸು ಹೆಚ್ಚಾಗಬಹುದು. ಪ್ರತಿ ಸಲವೂ ನಾಲ್ಕರಷ್ಟಾಗುತ್ತಿದ್ದರೆ ಸರಪಳಿಗಳು n ಜೊತೆಗೇ ಬೆಳೆಯುತ್ತಿವೆ. ಆಗ ಅರೇಯನ್ನು ದೊಡ್ಡದು ಮಾಡಿ ಪ್ರಯೋಜನವಿಲ್ಲ, ಹ್ಯಾಶ್ ಫಂಕ್ಷನನ್ನು ತಿದ್ದಬೇಕು: ತಿಂಗಳ ಬದಲು, ಒಬ್ಬರಿಂದೊಬ್ಬರಿಗೆ ಬೇರೆಯಾಗುವ ನೋಂದಣಿ ಸಂಖ್ಯೆಯಿಂದ ಹ್ಯಾಶ್ ತೆಗೆಯಬೇಕು.